ಹದಿನೈದು ಊರುಗಳ ಕರೆಯೋಲೆ

ಯಾಪಲದಿನ್ನಿಯ ಮಹಾಂತಯ್ಯನವರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿಯೂ, ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲ್ಲೂ ಇಲ್ಲದ ದಿನವನ್ನು ರಾಯಚೂರಿನಲ್ಲಿ ಯಾರೂ ಕಂಡಿರಲಿಲ್ಲ. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಅಕ್ಷರ ತಿದ್ದಿದವರು. ತಂದೆ ಮಠದ ಪಡಸಾಲೆಯಲ್ಲಿ ಪುರಾಣ ಹೇಳುವಾಗ ಪಕ್ಕದಲ್ಲಿ ಕುಳಿತು ಕನ್ನಡ ಕಲಿತವರು. ಮುಂದೆ ಸರ್ಕಾರ ಬದಲಾಗಿ ಕಚೇರಿಯ ಭಾಷೆಯೂ ಬದಲಾದಾಗ ಮೂವತ್ತರ ಮೇಲಿನ ಪ್ರಾಯದಲ್ಲಿ ಇಂಗ್ಲಿಷಿನ ಟೈಪಿಂಗ್ ಪರೀಕ್ಷೆ ಕಟ್ಟಿ ಪಾಸಾದವರು. ಹೀಗೆ ಮೂರು ಭಾಷೆಗಳ ನೀರು ಕುಡಿದ ಮನುಷ್ಯ ತೀನ್ ಕಂದೀಲ್ ಚೌಕದ ಹತ್ತಿರದ ಶಿಶುಸೇವಾ ಸಂಘದ ಕಚೇರಿಯಲ್ಲಿ ಸಿಬ್ಬಂದಿ ವಿಭಾಗದ ಗುಮಾಸ್ತರಾಗಿ ಬಂದು ಕುಳಿತದ್ದು ೧೯೭೪ರಲ್ಲಿ. ಯಾರನ್ನು ಕೆಲಸಕ್ಕೆ ಕರೆಯಬೇಕು, ಯಾವ ದಿನ ಕರೆಯಬೇಕು, ಬಂದವರ ಕಾಗದಪತ್ರ ಎಲ್ಲಿಡಬೇಕು ಎಂಬುದೆಲ್ಲ ಅವರ ಮೇಜಿನ ಮೇಲೆಯೇ ಹಾದುಹೋಗಬೇಕು. ಕೈಗೆ ಬಂದ ಕೆಲಸವನ್ನು ಪೂಜೆಯೆಂದು ತಿಳಿದವರಾದ್ದರಿಂದ ಕಡತದ ದಾರವನ್ನೂ ಅವರು ಶಿವದಾರದಷ್ಟೇ ಜೋಪಾನವಾಗಿ ಕಟ್ಟುತ್ತಿದ್ದರು.

ಅಂಥವರ ಕೈಯಿಂದಲೇ ಒಂದು ದೊಡ್ಡ ತಪ್ಪು ನಡೆದುಹೋಯಿತು. ಆ ತಪ್ಪಿನಿಂದಲೇ ಅವರ ಜೀವನದ ಅತ್ಯಂತ ದೊಡ್ಡ ಗೆಲುವೂ ಹುಟ್ಟಿತು.

೧೯೭೮ರ ಕೊನೆಗೆ ಸಂಘಕ್ಕೆ ಇಪ್ಪತ್ತನಾಲ್ಕು ಬಾಲವಾಡಿಗಳು ಮಂಜೂರಾದವು. ದೇವದುರ್ಗ ತಾಲ್ಲೂಕಿಗೆ ಹನ್ನೆರಡು, ಮಾನ್ವಿ ತಾಲ್ಲೂಕಿಗೆ ಹನ್ನೆರಡು. ಶಿಕ್ಷಕಿ ಆಯಾ ಊರಿನವಳೇ ಆಗಿರಬೇಕು, ಏಳನೆಯ ತರಗತಿಯನ್ನಾದರೂ ಪಾಸಾಗಿರಬೇಕು ಎಂಬುದು ನಿಯಮ. ಕೂಸುಗಳನ್ನು ಕೂರಿಸುವುದಕ್ಕೆ ಜಾಗ ಕೇಳಲು ಮಹಾಂತಯ್ಯನವರೇ ಊರೂರು ತಿರುಗಿದ್ದರು. ಮಸರಕಲ್ಲಿನಲ್ಲಿ ಹನುಮಪ್ಪನ ಗುಡಿಯ ಪಕ್ಕದ ಪಡಸಾಲೆಯನ್ನು ಹೆಂಗಸರು ಸಾರಿಸಿ ಸುಣ್ಣ ಬಳಿದು ಇಟ್ಟಿದ್ದರು. ನೀರಮಾನ್ವಿಯಲ್ಲಿ ಒಬ್ಬ ರೈತನು ಜೋಳದ ಚೀಲಗಳನ್ನು ಅತ್ತ ಸರಿಸಿ ಅರ್ಧ ಮನೆಯನ್ನೇ ಬಿಟ್ಟುಕೊಟ್ಟಿದ್ದನು. ಹೊಲಕ್ಕೆ ಹೋಗುವ ತಾಯಂದಿರು ಬದುವಿನ ಮೇಲೆ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುವ ಸೀಮೆಯದು. "ಅಯ್ನೋರ, ಎಂದ ಚಾಲೂ ಆಗ್ತದ್ರಿ ಸಾಲಿ?" ಎಂದು ಆ ತಾಯಂದಿರು ಕೇಳಿದಾಗಲೆಲ್ಲ ಅವರು, "ಯುಗಾದಿಗಿಂತ ಮೊದಲ ಆಗ್ತದವ್ವ" ಎಂದು ಮಾತು ಕೊಟ್ಟು ಬಂದಿದ್ದರು.

ಊರಿಗೆ ಮೂವರಂತೆ ಎಪ್ಪತ್ತೆರಡು ಹೆಣ್ಣುಮಕ್ಕಳಿಗೆ ಸಂದರ್ಶನದ ಕಾರ್ಡುಗಳು ಹೋದವು. ಇಂಗ್ಲಿಷಿನಲ್ಲಿ ಅಚ್ಚೊತ್ತಿದ ಕಾರ್ಡು. ಹೆಸರು ವಿಳಾಸಗಳನ್ನು ಮಾತ್ರ ಕೈಯಿಂದ ಕನ್ನಡದಲ್ಲಿ ತುಂಬಿದ್ದು. ಎರಡೂ ತಾಲ್ಲೂಕಿನ ಕಾರ್ಡುಗಳು ಒಂದೇ ಬಣ್ಣದವಾದ್ದರಿಂದ ಕಟ್ಟುಗಳು ಬೆರೆತುಹೋಗಬಾರದೆಂದು ಮಹಾಂತಯ್ಯನವರು ಕತ್ತರಿ ತೆಗೆದುಕೊಂಡು ದೇವದುರ್ಗದ ಮೂವತ್ತಾರು ಕಾರ್ಡುಗಳ ಬಲಮೂಲೆಯನ್ನು ಒಂದು ಬೆರಳಗಲ ಕತ್ತರಿಸಿ ಗುರುತು ಮಾಡಿದರು. ಕಡತಗಳಲ್ಲಿ ಅವರು ದಿನವೂ ಮಾಡುತ್ತಿದ್ದ ಕೆಲಸವೇ ಅದು. ಕೈ ತನ್ನಷ್ಟಕ್ಕೆ ತಾನೇ ಮಾಡಿತು.

ಜನವರಿಯ ನಡುವೆ ಸಂದರ್ಶನ ನಡೆಯಿತು. ಗುಲ್ಬರ್ಗದಿಂದ ಸುಲೋಚನಾಬಾಯಿ ಎಂಬ ಅಧಿಕಾರಿ ಬಂದಿದ್ದರು. ಹರಿತವಾದ ಮಾತಿನ, ಒಳ್ಳೆಯ ಮನಸ್ಸಿನ ಹೆಂಗಸು. ಪಕ್ಕದಲ್ಲಿ ಸಂಘದ ಕಾರ್ಯದರ್ಶಿ ಹನುಮಂತ್ರಾಯರು ಕುಳಿತಿದ್ದರು. ಜವಾನ ಲಾಲ್ ಸಾಬ್ ಎಪ್ಪತ್ತೆರಡು ಹೆಸರುಗಳನ್ನು ಬಾಗಿಲಲ್ಲಿ ನಿಂತು ಕೂಗಿದನು. ಹತ್ತೊಂಬತ್ತು ಮಂದಿ ಮಾತ್ರ "ಹಾಂ" ಎಂದರು. ಮಾನ್ವಿಯ ಎಂಟು ಊರುಗಳಿಂದ ಹದಿನಾರು ಮಂದಿ, ದೇವದುರ್ಗದ ಒಂದೇ ಊರಿನಿಂದ ಮೂವರು. ಒಂಬತ್ತು ಊರಿಗೆ ಒಂಬತ್ತು ಶಿಕ್ಷಕಿಯರು ಸಿಕ್ಕರು; ಹದಿನೈದು ಊರುಗಳ ಹಾಳೆ ಖಾಲಿ ಉಳಿಯಿತು.

"ಇವರಿಗೆ ನೌಕ್ರಿ ಬೇಕಾಗಿಲ್ಲ, ಹನುಮಂತ್ರಾಯರ" ಎಂದು ಸುಲೋಚನಾಬಾಯಿ ಫೈಲು ಮುಚ್ಚಿದರು. "ಫೆಬ್ರವರಿ ಮುಗಿಯೂದ್ರಾಗ ಯಾವ ಊರಿಗೆ ಟೀಚರ್ ಸಿಗಂಗಿಲ್ಲೋ ಆ ಬಾಲವಾಡಿ ಬ್ಯಾರೆ ಜಿಲ್ಲಾಕ್ಕ ಹೋಗ್ತದ. ಕೇಳವ್ರು ಬಾಳ ಮಂದಿ ಅದಾರ. ಇನ್ನೊಂದ್ ಸಲ ಬರ್ತೀನಿ. ಆವಾಗೂ ಹಿಂಗ ಖಾಲಿ ಕುರ್ಚಿ ನೋಡಾಕ ನನ್ನ ಕರಸಬ್ಯಾಡ್ರಿ."

ಅವರು ಹೋದ ಮೇಲೆ ಹನುಮಂತ್ರಾಯರು ಕನ್ನಡಕ ಒರೆಸುತ್ತ, "ಕರಿಯೂದು ನಮ್ಮ ಧರ್ಮ, ಬರೂದು ಅವರ ಕರ್ಮ. ನಾವೇನ್ ಮನಿಗೆ ಹೋಗಿ ಕೈಹಿಡಿದು ಕರಕೊಂಡ್ ಬರಾಕಾಗ್ತದ?" ಎಂದರು.

ಮಹಾಂತಯ್ಯನವರ ಮನಸ್ಸು ಒಂದು ಲೆಕ್ಕದ ಮೇಲೆ ನಿಂತುಬಿಟ್ಟಿತ್ತು. ಮಾನ್ವಿಯಿಂದ ಹದಿನಾರು, ದೇವದುರ್ಗದಿಂದ ಮೂರು. ಎರಡೂ ಕಡೆಗೆ ಹೋದದ್ದು ಒಂದೇ ಕಾರ್ಡು, ಒಂದೇ ದಿನ, ಒಂದೇ ಅಂಚೆ. ಬೇಡವೆನ್ನುವುದಾದರೆ ಎರಡೂ ಸೀಮೆಯವರು ಒಂದೇ ಸಮ ಬೇಡವೆನ್ನಬೇಕಾಗಿತ್ತು. ಒಂದು ತಾಲ್ಲೂಕಿನ ಹೆಣ್ಣುಮಕ್ಕಳೆಲ್ಲ ಒಟ್ಟಾಗಿ ಮುನಿಯುವುದಕ್ಕೆ ಅಲ್ಲಿ ನಡೆದದ್ದಾದರೂ ಏನು? ಕೇಳದೆ ತಿಳಿಯದು. ಎರಡು ದಿನದ ರಜೆ ಬರೆದುಕೊಟ್ಟು ಮರುದಿನ ಬೆಳಗಿನ ದೇವದುರ್ಗದ ಬಸ್ಸು ಹತ್ತಿದರು.

ಮಸರಕಲ್ಲಿನಲ್ಲಿ ಕುರುಬರ ಕನಕಪ್ಪನ ಮನೆ ಊರಂಚಿಗಿತ್ತು. ಅವನ ಮಗಳು ಆದೆಮ್ಮ ಆ ಊರಿನಲ್ಲಿ ಏಳನೆಯ ತರಗತಿಯನ್ನು ಮೊದಲ ದರ್ಜೆಯಲ್ಲಿ ದಾಟಿದ ಮೊದಲ ಹೆಣ್ಣುಮಗಳು. ಕುರಿಹಟ್ಟಿಯ ಮುಂದೆ ಕಂಬಳಿ ಹಾಸಿ ಅಯ್ಯನವರನ್ನು ಕೂರಿಸಿದರೂ ಕನಕಪ್ಪನ ಹೆಂಡತಿ ಕರೆಮ್ಮನ ಮುಖ ಬಿಗಿದೇ ಇತ್ತು.

"ಆದೆಮ್ಮ ಯಾಕ ಬರಲಿಲ್ಲವ್ವ?" ಎಂದು ಮಹಾಂತಯ್ಯನವರು ನೇರವಾಗಿ ಕೇಳಿದರು.

"ಎಲ್ಲಿಗಿರೀ?" ಎಂದಳು ಕರೆಮ್ಮ.

"ರಾಯಚೂರಿಗೆ. ನಾವು ಕಾರ್ಡ್ ಬರದಿದ್ವಲ್ಲ."

"ಕಾರ್ಡ್ ಬಂದಿಲ್ರಿ ಯಪ್ಪಾ" ಎಂದು ಒಳಗಿನಿಂದ ಆದೆಮ್ಮ ಹೇಳಿದಳು. "ಬರ್ತದ ಬರ್ತದ ಅಂತ ಸೀರಿ ಒಗದು ಮಡಚಿ ಇಟ್ಟಿದ್ದೆ."

ಕನಕಪ್ಪ ತಲೆ ಕೆರೆದುಕೊಂಡನು. "ಒಂದು ಕಾರ್ಡ್ ಬಂದಿತ್ತು ಖರೆ. ಅದು ನಿಮ್ಮದಲ್ಲ ಬಿಡ್ರಿ. ಅದು ಸಾವಿನ ಕಾರ್ಡ್."

"ಸಾವಿಂದಾ? ಯಾರು ತೀರಿಕೊಂಡ್ರು?"

"ಯಾರೂ ತೀರಿಕೊಂಡಿಲ್ರಿ, ಅದ ನೋಡ್ರಿ ಮಜಾ" ಎಂದು ಕರೆಮ್ಮ ಮಾತನ್ನು ಕಸಿದುಕೊಂಡಳು. "ಟಪಾಲಿನವ ಬಾಗಲದಾಗ ನಿಂತು, ಇಂಗ್ಲೀಷ್ ಅದ ನನಗ ಓದಾಕ ಬರಂಗಿಲ್ಲ, ಆದ್ರ ಮೂಲಿ ಕತ್ತರಿಸ್ಯಾರ, ಗಟ್ಟಿ ಮನಸ್ ಮಾಡ್ಕೋರಿ ಅಂದ. ಮೂಲಿ ಕತ್ತರಿಸಿದ ಕಾರ್ಡ್ ಯಾರರ ಒಳಗ ತಂದಾರೇನ್ರಿ? ಇಂವ, ನನ್ನ ಗಂಡ, ಅಲ್ಲೇ ಹೊಸ್ತಿಲ ಹೊರಗ ಹರದು ಒಗದ. ಊರಾಗ ಇದ್ದವ್ರು ಎಲ್ಲಾರೂ ಅದೀವಿ. ದೂರ ಇದ್ದಾಂವ ಒಬ್ಬ, ನನ್ನ ಮಗ ಮಾಳಿಂಗಪ್ಪ, ಸೊಲ್ಲಾಪುರದ ಗಿರಣ್ಯಾಗ. ಇನ್ನೇನು, ಎದಿ ಎದಿ ಬಡಕೊಂಡು ಅತ್ವಿ. ಹಿರೇ ಮಗಳ ಗಂಡ ರೈಲ್ ಹತ್ತಿ ಓಡಿದ. ಅಲ್ಲಿ ಹೋಗಿ ನೋಡ್ತಾನ, ಮಗ ಹೊಟೇಲದಾಗ ಕಾಲ್ ಮ್ಯಾಲ ಕಾಲ್ ಹಾಕ್ಕೊಂಡು ಚಾ ಕುಡ್ಯಾಕತ್ಯಾನ."

"ಬಂದ ಮ್ಯಾಲ ನನ್ನ ಕೇಳ್ತಾನ್ರಿ" ಎಂದು ಕನಕಪ್ಪ ನಗುವನ್ನು ಮೀಸೆಯಲ್ಲಿ ಅಡಗಿಸಿದನು, "'ಯಪ್ಪಾ, ನನ್ನ ತಿಥಿ ಊಟ ಎಂದ ಇಟ್ಟೀದಿ, ನಾನೂ ಉಣ್ಣಬೇಕು' ಅಂತ."

"ನಗಬ್ಯಾಡ ನೀ" ಎಂದು ಕರೆಮ್ಮ ಗದರಿದಳು. "ಬದುಕಿದ್ದ ಮಗನಿಗೆ ಸೂತಕ ಹಿಡಿಸಿದ ಆ ಪುಣ್ಯಾತ್ಮ ಸಿಗಲಿ, ಅವನ ಕೈಗೆ ಕುರಿ ಕತ್ತರಿಸೋ ಕತ್ತರಿ ಕೊಟ್ಟು ನೂರು ಕುರಿ ತುಪ್ಪಳ ತಗಸ್ತೀನಿ."

ಮೂಲೆ ಕತ್ತರಿಸಿದ ಕಾಗದ ಮರಣವಾರ್ತೆಯದೆಂಬುದು ಮಹಾಂತಯ್ಯನವರಿಗೆ ತಿಳಿಯದ ಮಾತೇ? ತಮ್ಮ ತಂದೆ ಲಿಂಗೈಕ್ಯರಾದಾಗ ಬಂಧುಗಳಿಗೆ ಬರೆದ ಕಾರ್ಡುಗಳ ಮೂಲೆಯನ್ನು ಹರಿದವರು ಅವರೇ. ಮನೆಯಲ್ಲಿ ಕುಳಿತಾಗ ಗೊತ್ತಿದ್ದ ಸಂಗತಿ ಕಚೇರಿಯ ಕುರ್ಚಿಯ ಮೇಲೆ ಕುಳಿತಾಗ ಮರೆತುಹೋಗಿತ್ತು. ಅಲ್ಲಿ ಅದು ಕಡತದ ಗುರುತಾಗಿತ್ತು; ಇಲ್ಲಿ ಒಂದು ಮನೆಯ ಅಳುವಾಗಿತ್ತು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಣೆಯ ವಿಭೂತಿ ಸುಮ್ಮನಿರಗೊಡಲಿಲ್ಲ. "ಕರೆಮ್ಮ, ಆ ಕತ್ತರಿ ನನ್ನ ಕೈಗೇ ಕೊಡವ್ವ" ಎಂದರು. "ಆ ಕಾರ್ಡ್ ನಂದು. ಮೂಲಿ ಕತ್ತರಿಸಿದಾಂವ ನಾನ."

ಕರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯ ಶಿವನ, ಓದಿದವ್ರು ಹಿಂಗಾದ್ರ ನಾವು ಕುರಿ ಕಾಯೂದ ಚಲೋ ಬಿಡ್ರಿ. ಏಳ್ರಿ, ಕೈ ತೊಳಕೋರಿ. ರೊಟ್ಟಿ ಉಂಡು ಹೋಗ್ರಿ."

ಅವಳ ಉದಾರತೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆ ಎರಡು ದಿನಗಳಲ್ಲಿ ಅವರು ದೇವದುರ್ಗ ಸೀಮೆಯ ಏಳು ಊರು ತಿರುಗಿದರು. ಎಲ್ಲ ಕಡೆಯೂ ಅದೇ ಕತೆ: ಒಂದೂರಲ್ಲಿ ಕಾರ್ಡನ್ನು ಹಳ್ಳಕ್ಕೆ ಬಿಟ್ಟಿದ್ದರು, ಇನ್ನೊಂದೂರಲ್ಲಿ ಓದದೆಯೇ ಸ್ನಾನ ಮಾಡಿ ಕುಳಿತಿದ್ದರು. ಮೂವರು ಬಂದಿದ್ದ ಊರಿನಲ್ಲಿ ಮಾತ್ರ ಶಾಲೆಯ ಮಾಸ್ತರನು ಇಂಗ್ಲಿಷು ಓದಿ ಬಿಡಿಸಿ ಹೇಳಿದ್ದನು.

ಮಾನ್ವಿಯ ಕಡೆ ಬರದೆ ಉಳಿದ ನಾಲ್ಕು ಊರುಗಳ ಕಾರಣ ಬೇರೆ. ಭಾನುವಾರ ಅಲ್ಲಿಗೆ ಹೋದಾಗ ಅದನ್ನು ನೀರಮಾನ್ವಿಯ ಬೂದೆಮ್ಮ ಹೇಳಿದಳು. ಇಪ್ಪತ್ತೆರಡರ ವಯಸ್ಸಿನ, ನೇರ ನೋಟದ ಹುಡುಗಿ.

"ಕಾರ್ಡಿನಾಗ 'ಅಸಲು ಸರ್ಟಿಫಿಕೇಟ್ ತಗೊಂಡ್ ಬರ್ರಿ' ಅಂತ ಅದ ಅಂದ್ರು. ಅಸಲು ಕಾಗದ ಸರಕಾರದವ್ರ ಕೈಗೆ ಹೋದ್ರ ತಿರುಗಿ ಬರಂಗಿಲ್ಲ ಅಂತ ನಮ್ಮಪ್ಪ. ಅದೊಂದ ಕಾಗದರೀ ನಂದು, ಏಳು ವರ್ಷದ ಸಾಲಿ ಅದು. ಅಷ್ಟಾದ್ರೂ ಹಠ ಮಾಡಿ ಬಂದೆ. ನಮ್ಮ ಬಸ್ಸು ಸ್ಟ್ಯಾಂಡಿಗೆ ಮುಟ್ಟೂದ ಹನ್ನೊಂದಕ್ಕ. ನೀವು ಹತ್ತಕ್ಕ ಬರ್ರಿ ಅಂದಿದ್ರಿ. ಟೈಮ್ ಮುಗದಾದ ಮ್ಯಾಲ ಹೋಗಿ ಬೈಸಿಕೊಳ್ಳೂದ್ಯಾಕ ಅಂತ ಸ್ಟ್ಯಾಂಡಿನಾಗ ಒಂದು ತಾಸು ಕುಂತು ಅದ ಬಸ್ಸಿಗೆ ತಿರುಗಿ ಬಂದೆ."

"ಕಚೇರಿತನಕ ಬಂದು ಕೇಳಬಾರದಿತ್ತೇನು ತಂಗಿ?"

"ಕೇಳಬಹುದು ಅಂತ ಕಾರ್ಡಿನಾಗ ಎಲ್ಲಿ ಬರದೀರಿ?"

ರಾಯಚೂರಿಗೆ ಮರಳುವ ಬಸ್ಸಿನಲ್ಲಿ ಮಹಾಂತಯ್ಯನವರಿಗೆ ತಮ್ಮ ಕಾರ್ಡಿನ ಒಂದೊಂದು ಸಾಲೂ ಕಣ್ಣೆದುರು ಬಂದಿತು. ಬಾರದವರಿಗೆ ನೌಕರಿಯೇ ಬೇಕಾಗಿಲ್ಲವೆಂದು ಕಚೇರಿಯವರು ತೀರ್ಮಾನಿಸಿದ್ದರು. ಆದರೆ ಬಾರದಂತೆ ಮಾಡಿದ್ದು ಆ ಕಾರ್ಡೇ ಆಗಿತ್ತು.

ಹೊಸ ಕಾರ್ಡನ್ನು ಅವರು ಕಚೇರಿಯಲ್ಲಿ ಬರೆಯಲಿಲ್ಲ. ಮನೆಯಲ್ಲಿ, ಸಂಜೆಯ ಪೂಜೆ ಮುಗಿಸಿ, ಹೆಂಡತಿ ಬಸವಂತಮ್ಮನನ್ನು ಎದುರಿಗೆ ಕೂರಿಸಿಕೊಂಡು ಬರೆದರು. ಬಸವಂತಮ್ಮನಿಗೆ ಓದು ಬಾರದು. "ನಾ ಓದ್ತೀನಿ, ಕೇಳಿ ತಿರುಗಿ ಹೇಳು. ನಿನಗ ಎಲ್ಲಿ ತೊಡಕಾಗ್ತದೋ ಅಲ್ಲಿ ನಂದು ತಪ್ಪು" ಎಂದರು. ಮೊದಲ ಕರಡಿನಲ್ಲಿ 'ಸಂದರ್ಶನಕ್ಕೆ ಹಾಜರಾಗತಕ್ಕದ್ದು' ಎಂದಿತ್ತು. "ಯಾರ ಮ್ಯಾಲ ಕೇಸ್ ಹಾಕ್ಯಾರ್ರಿ?" ಎಂದು ಬಸವಂತಮ್ಮ ಕೇಳಿದಳು. ಹೊಡೆದುಹಾಕಿದರು. ಎರಡನೆಯದರಲ್ಲಿ ಎಲ್ಲಿಗೆ ಬರಬೇಕೆಂಬುದು ಕೊನೆಗೆ ಬಂದಿತ್ತು. ಅವಳು ಅಲ್ಲಿಗೆ ಮುಟ್ಟುವುದರೊಳಗೆ ದಿನವನ್ನು ಮರೆತಿದ್ದಳು. ಮೂರನೆಯದನ್ನು ಒಮ್ಮೆ ಕೇಳಿ ಒಂದು ಮಾತೂ ತಪ್ಪದೆ ಒಪ್ಪಿಸಿದಳು. ಅದು ಹೀಗಿತ್ತು:

"ಆದೆಮ್ಮನಿಗೆ. ನಿಮ್ಮ ಊರಿನ ಬಾಲವಾಡಿಯ ಶಿಕ್ಷಕಿಯ ಕೆಲಸಕ್ಕೆ ನಿಮ್ಮನ್ನು ನೋಡಿ ಮಾತನಾಡಿಸಬೇಕು. ಫೆಬ್ರವರಿ ಇಪ್ಪತ್ತಕ್ಕೆ ರಾಯಚೂರಿಗೆ ಬನ್ನಿ. ಬೆಳಗಿನ ಬಸ್ಸಿಗೆ ಹೊರಟರೆ ಸಾಕು, ಹನ್ನೆರಡಕ್ಕೆ ನಿಮ್ಮ ಸರದಿ. ತೀನ್ ಕಂದೀಲಿನಲ್ಲಿ ಶಿಶುಸೇವಾ ಸಂಘವೆಂದು ಕೇಳಿ. ಮಹಾಂತಯ್ಯ ಎಂಬ ನಾನು ಬಾಗಿಲಲ್ಲಿ ಇರುತ್ತೇನೆ. ಶಾಲೆಯ ಅಸಲು ಕಾಗದ ತನ್ನಿ, ನೋಡಿ ಅಲ್ಲೇ ನಿಮ್ಮ ಕೈಗೆ ಕೊಡುತ್ತೇವೆ. ತಂದೆ ಅಥವಾ ಅಣ್ಣ ಜೊತೆಗೆ ಬರಬಹುದು. ಬಸ್ಸು ತಪ್ಪಿದರೆ, ಕೆಟ್ಟರೆ, ಹಿಂತಿರುಗಬೇಡಿ. ಸಂಜೆ ಆರರವರೆಗೆ, ಮರುದಿನ ಮಧ್ಯಾಹ್ನದವರೆಗೆ ಎಷ್ಟು ಹೊತ್ತಿಗೆ ಬಂದರೂ ನಿಮ್ಮನ್ನು ನೋಡುತ್ತೇವೆ."

"ಇದನ್ನ ನೋಡಿದ್ರ ಆ ಮನ್ಯಾಗ ಮತ್ತ ಅಳಬಾರದು" ಎಂದು ಬಸವಂತಮ್ಮ ಅರಿಶಿಣದ ಬಟ್ಟಲು ತಂದಳು. ಲಗ್ನದ ಕಾಗದಕ್ಕೆ ಹಚ್ಚುವಂತೆ ಬರೆದ ಎಲ್ಲ ಕಾರ್ಡುಗಳ ನಾಲ್ಕೂ ಮೂಲೆಗಳಿಗೆ ಹಚ್ಚಿದಳು.

ಮರುದಿನ ಆ ಕಾರ್ಡುಗಳನ್ನು ಕಂಡ ಹನುಮಂತ್ರಾಯರು ಹೌಹಾರಿದರು. "ಮಹಾಂತಯ್ನೋರ, ಇದು ಸಂಘದ ಟಪಾಲೋ, ನಿಮ್ಮ ಮಗಳ ಲಗ್ನಪತ್ರಿಕಿಯೋ? ಮ್ಯಾಲಿನವ್ರು ನೋಡಿದ್ರ ಏನಂದಾರು?"

"ಮ್ಯಾಲಿನವ್ರು ಇದನ್ನ ಓದಂಗಿಲ್ರಿ. ಓದವ್ರು ಮಸರಕಲ್ಲಿನಾಗ ಅದಾರ. ಹೋದ ಸಲ ಹೋದ ಕಾರ್ಡಿನ ಮೂಲಿ ಕತ್ತರಿಸಿದ್ದು ನಾನ. ಮೂವತ್ಮೂರು ಮನ್ಯಾಗ ಸಾವು ಹಂಚಿ ಬಂದೀನಿ. ಅದನ್ನ ಬರದು ನಿಮ್ಮ ಮೇಜಿನ ಮ್ಯಾಲ ಇಟ್ಟೀನಿ, ಶಿಕ್ಷಾ ಏನದ ಅದು ಕೊಡ್ರಿ. ಆದ್ರ ಇವು ಹಿಂಗ ಹೋಗಲಿ."

ಹನುಮಂತ್ರಾಯರು ಆ ತಪ್ಪೊಪ್ಪಿಗೆಯನ್ನು ಎರಡು ಸಲ ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. "ಹುಂ, ಕಳಸ್ರಿ. ಆದ್ರ ಈ ಸಲ ಮಂದಿ ಬರಲಿಲ್ಲ ಅಂದ್ರ ಇದು ಸುಲೋಚನಾಬಾಯಿಯವರ ಕೈಗೆ ಹೋಗ್ತದ ನೋಡ್ರಿ."

ದಿನಾಂಕವನ್ನೂ ಮಹಾಂತಯ್ಯನವರೇ ಆರಿಸಿದ್ದರು. ಗುಲ್ಬರ್ಗದಿಂದ ಬಂದ ಸೂಚನೆಯಲ್ಲಿ ಶಿವರಾತ್ರಿಯ ಮರುದಿನವೆಂದಿತ್ತು. ಜಾಗರಣೆ ಮಾಡಿ ಪಾರಣೆಗೆ ಕುಳಿತ ಮನೆಯಿಂದ, ಅದೂ ಅಮಾವಾಸ್ಯೆಯ ದಿನ, ಯಾವ ತಾಯಿಯೂ ಮಗಳನ್ನು ಹೊಸ ಕೆಲಸಕ್ಕೆ ಕಳಿಸಲಾರಳೆಂದು ಬರೆದು, ಶಿವರಾತ್ರಿಗೆ ಮುಂಚಿನ ದಿನವೊಂದನ್ನು ಒಪ್ಪಿಸಿದರು. ಎರಡೂ ತಾಲ್ಲೂಕಿನ ಸಂತೆಯ ದಿನವನ್ನೂ ತಪ್ಪಿಸಿದರು.

ಈ ಸಲ ಊರಿಗೆ ಇಬ್ಬರಂತೆ ಮೂವತ್ತು ಮಂದಿಯನ್ನು ಕರೆದರು. ಮೂರನೆಯವಳಿಗೂ ಬೇರೊಂದು ಕಾರ್ಡು ಹೋಯಿತು: "ಮೊದಲಿನ ಇಬ್ಬರಲ್ಲಿ ಒಬ್ಬರು ಬರದಿದ್ದರೆ ನಿಮ್ಮನ್ನು ಕರೆಯುತ್ತೇವೆ. ಕಾಗದಪತ್ರ ಸಿದ್ಧವಾಗಿಟ್ಟುಕೊಳ್ಳಿ. ಕರೆಯದಿದ್ದರೆ ಬೇಸರಿಸಬೇಡಿ." ಆಸೆ ತೋರಿಸಿ ಮರೆಯಬಾರದು, ಇದ್ದದ್ದನ್ನು ಇದ್ದಂತೆ ಹೇಳಬೇಕು ಎಂದು ಅವರ ನಿಶ್ಚಯ. ಮೂವತ್ತು ಮಂದಿಗೂ ಕಳಿಸಿದ್ದು ಜವಾಬಿ ಕಾರ್ಡು, ಅಂದರೆ ಉತ್ತರಕ್ಕೆಂದು ಇನ್ನೊಂದು ಕಾರ್ಡು ಅಂಟಿಕೊಂಡೇ ಬರುವಂಥದ್ದು. ಅದರ ಮೇಲೆ ಸಂಘದ ವಿಳಾಸವನ್ನು ತಾವೇ ಬರೆದು, ಹಿಂದೆ 'ಬರುತ್ತೇನೆ', 'ಬರಲಾಗುವುದಿಲ್ಲ' ಎಂಬ ಎರಡು ಮಾತು ಹಾಕಿದ್ದರು. ಬೇಡದ್ದನ್ನು ಹೊಡೆದು ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಹತ್ತು ದಿನಗಳಲ್ಲಿ ಇಪ್ಪತ್ತಾರು ಕಾರ್ಡುಗಳು ತಿರುಗಿ ಬಂದವು: ಇಪ್ಪತ್ತನಾಲ್ಕು ಮಂದಿ ಬರುವವರು, ಇಬ್ಬರು ಬಾರದವರು.

ಲಾಲ್ ಸಾಬ್ ಆ 'ಬರಲಾಗುವುದಿಲ್ಲ' ಎಂಬ ಕಾರ್ಡುಗಳನ್ನು ಹಿಡಿದು, "ಇವು ಖರಾಬ್ ಅದಾವ್ರಿ, ಅಯ್ನೋರ" ಎಂದನು.

"ಇವ ಎಲ್ಲಕ್ಕಿಂತ ಚಲೋ ಕಾರ್ಡ್, ಲಾಲ್ ಸಾಬ್. ಬರಂಗಿಲ್ಲ ಅಂತ ಇವತ್ತ ಹೇಳಿದವ್ರು ನನಗ ಹತ್ತು ದಿನ ಕೊಟ್ರು. ಸುಮ್ಮನ ಉಳದವ್ರು ಏನೂ ಕೊಡಲಿಲ್ಲ" ಎಂದು ಅವರು ಅಂದೇ ಆ ಊರುಗಳ ಮೂರನೆಯವರಿಗೆ ಕರೆ ಬರೆದರು.

ಸುಮ್ಮನಿದ್ದ ನಾಲ್ವರ ಮನೆಗೆ ಭಾನುವಾರ ತಾವೇ ಹೋದರು. ಮೂವರ ಜವಾಬಿ ಕಾರ್ಡು ದೇವರ ಮಾಡದಲ್ಲಿತ್ತು. ಅರಿಶಿಣ ಹಚ್ಚಿದ್ದನ್ನು ಪೆಟ್ಟಿಗೆಗೆ ಹೇಗೆ ಹಾಕುವುದೆಂದು ಪೂಜೆ ಮಾಡಿ ಇಟ್ಟುಕೊಂಡಿದ್ದರು. ನಾಲ್ಕನೆಯವಳು ಗಂಡನ ಮನೆಗೆ ಹೋಗಿದ್ದಳು. ಅವಳ ಬದಲಿಗೆ ಆ ಊರಿನ ಮೂರನೆಯವಳಿಗೆ ಅಲ್ಲಿಯೇ ಬಾಯಲ್ಲಿ ಹೇಳಿ, ಕಾರ್ಡನ್ನೂ ಕೈಗಿಟ್ಟು ಬಂದರು. ಮೂವತ್ತಕ್ಕೆ ಮೂವತ್ತೂ ಕೂಡಿತು.

ಉಳಿದದ್ದು ನೆನಪು ಮಾಡುವ ಕೆಲಸ. ದೇವದುರ್ಗದ ಬೆಳಗಿನ ಬಸ್ಸಿನ ಕಂಡಕ್ಟರು ಸತ್ತಾರ್ ಸಾಬ್ ದಾರಿಯ ಊರುಗಳಿಗೆಲ್ಲ ಬಾಯಿಪತ್ರಿಕೆಯಿದ್ದಂತೆ. ಮೂರು ದಿನ ಮುಂಚೆ ಅವನ ಕೈಗೆ ಹೆಸರಿನ ಚೀಟಿ ಕೊಟ್ಟರು. ಆತ ಪ್ರತಿ ಊರಿನಲ್ಲೂ ಬಸ್ಸಿನ ತಗಡು ಬಡಿದು, "ಆದೆಮ್ಮಾ, ಮಂಗಳವಾರ ನೆನಪದನವ್ವಾ? ಕಾಗದ ಮರೀಬ್ಯಾಡ" ಎಂದು ಕೂಗುತ್ತ ಹೋದನು. ಮಾನ್ವಿಯ ಎಂಟು ಮಂದಿಗೆ ಎರಡು ಸಾಲಿನ ನೆನಪಿನ ಕಾರ್ಡು ಹೋಯಿತು.

ಇಪ್ಪತ್ತನೆಯ ತಾರೀಕು ಸುಲೋಚನಾಬಾಯಿ ಹತ್ತೂವರೆಗೆ ಬಂದು ಕುಳಿತರು. ಹನ್ನೊಂದೂ ಕಾಲಿಗೆ ಮಾನ್ವಿಯ ಬಸ್ಸಿನವರು ಬಾಗಿಲಿಗೆ ಬಂದರು, ಎಂಟಕ್ಕೆ ಎಂಟೂ ಮಂದಿ. ಬೂದೆಮ್ಮ ತನ್ನ ಅಸಲು ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಹೋದಳು. ಹೊರಗೆ ಬಂದಾಗ ಅದು ಅವಳ ಕೈಯಲ್ಲೇ ಇತ್ತು. ಅದನ್ನು ತಂದೆಗೆ ತೋರಿಸಿ, "ನೋಡು, ಸರಕಾರ ತಿಂದಿಲ್ಲ" ಎಂದಳು. ಒಂದು ಗಂಟೆಗೆ ಮಾನ್ವಿಯ ನಾಲ್ಕೂ ಊರು ತುಂಬಿದವು.

ದೇವದುರ್ಗದ ಬಸ್ಸು ಮಾತ್ರ ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಮಹಾಂತಯ್ಯನವರು ಬಾಗಿಲು ಬಿಟ್ಟು ಕದಲಲಿಲ್ಲ. ಲಾಲ್ ಸಾಬ್ ಸೈಕಲ್ ಮೇಲೆ ಸ್ಟ್ಯಾಂಡಿಗೆ ಹೋಗಿ ಬಂದು, "ಗಬ್ಬೂರ್ ದಾಟಿ ಬಸ್ ಕೆಟ್ಟು ನಿಂತದಂತ್ರಿ. ಆಕ್ಸಲ್ ಮುರದದ. ಸಂಜಿತನಕ ಬ್ಯಾರೆ ಬಸ್ ಇಲ್ಲ" ಎಂದನು.

ಹನುಮಂತ್ರಾಯರು ಜೇಬಿನಲ್ಲಿದ್ದ ಕಾಗದವನ್ನು ಮುಟ್ಟಿ ನೋಡಿಕೊಂಡರು. ಸುಲೋಚನಾಬಾಯಿ ಗಡಿಯಾರ ನೋಡಿದರು. "ಮಹಾಂತಯ್ಯ, ನಿಮ್ಮ ಶ್ರಮ ನನಗ ಕಾಣ್ತದ. ಆದ್ರ ನಡುದಾರ್ಯಾಗ ಬಸ್ ಕೆಟ್ರ ಹಳ್ಳಿ ಹೆಣ್ಣುಮಕ್ಕಳು ಏನ್ ಮಾಡ್ತಾರ? ಮನಿಗೆ ಹೋಗ್ತಾರ. ಹನ್ನೊಂದು ಊರು ಹೋದಂಗ."

"ಹೋಗಂಗಿಲ್ರಿ ಬಾಯಿ. ಹಿಂತಿರುಗಬ್ಯಾಡ್ರಿ, ಆರರತನಕ ನಾವು ಕುಂತಿರ್ತೀವಿ ಅಂತ ನಾವ ಬರದು ಕೊಟ್ಟೀವಿ. ಅವರು ಆ ಮಾತಿನ ಮ್ಯಾಲ ಹೊಂಟಾರ. ನಾವು ಕುಂತಿರಬೇಕು."

ಬಾಯಿಯವರು ಕುರ್ಚಿಯನ್ನು ಕಿಟಕಿಯ ಗಾಳಿಗೆ ಎಳೆದುಕೊಂಡು, "ಲಾಲ್ ಸಾಬ್, ಇನ್ನೊಂದು ಚಾ ತಗೊಂಬಾ" ಎಂದರು.

ಮೂರಾಯಿತು, ಮೂರೂವರೆಯಾಯಿತು. ಮಹಾಂತಯ್ಯನವರ ತುಟಿಗಳಲ್ಲಿ ಪಂಚಾಕ್ಷರಿ ನಿಲ್ಲದೆ ಹರಿಯುತ್ತಿತ್ತು. ಮಸರಕಲ್ಲಿನ ಸುಣ್ಣ ಬಳಿದ ಪಡಸಾಲೆಯೂ, "ಎಂದ ಚಾಲೂ ಆಗ್ತದ್ರಿ" ಎಂದು ಕೇಳಿದ ತಾಯಂದಿರೂ ಕಣ್ಣಿನ ಮುಂದೆ ಸುಳಿದರು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ತೀನ್ ಕಂದೀಲಿನ ಕಡೆಯಿಂದ ಗಡಗಡ ಸದ್ದು ಕೇಳಿತು. ಒಂದರ ಹಿಂದೆ ಒಂದು ಎರಡು ಟ್ರಾಕ್ಟರುಗಳು ರಸ್ತೆ ತುಂಬಿಕೊಂಡು ಬಂದವು. ಗಂಜ್ ಮಾರುಕಟ್ಟೆಯಿಂದ ಗೊಬ್ಬರ ಒಯ್ಯಲು ಖಾಲಿ ಹೊರಟಿದ್ದ ಗಾಡಿಗಳವು. ಈಗ ಅವುಗಳ ತುಂಬ ಇಳಕಲ್ ಸೀರೆಗಳು, ಧೂಳು ಮೆತ್ತಿದ ಮುಖಗಳು, ಎದೆಗೊತ್ತಿ ಹಿಡಿದ ಕಾಗದದ ಸುರುಳಿಗಳು. ಮುಂದಿನ ಗಾಡಿಯ ಅಂಚಿನ ಮೇಲೆ ಸತ್ತಾರ್ ಸಾಬ್ ಚೀಲ ನೇತುಹಾಕಿಕೊಂಡು ನಿಂತಿದ್ದನು.

"ತಗೋರಿ ಅಯ್ನೋರ, ನಿಮ್ಮ ಮಾಲು" ಎಂದು ಅವನು ಕೆಳಗೆ ಹಾರಿದನು. "ಬಸ್ ಕೆಟ್ಟ ಕೂಡಲೇ ಗಂಡಸರೆಲ್ಲ ತಿರುಗಿ ಹೋಗೂಣು ಅಂದ್ರು. ಈ ಹುಡುಗಿ ಕೇಳಬೇಕಲ್ಲ? ಕಾರ್ಡ್ ತಗದು ಓದಿ ಒದರಿದಳು: 'ಬಸ್ ಕೆಟ್ರ ಹಿಂತಿರುಗಬ್ಯಾಡ್ರಿ ಅಂತ ಬರದಾರ, ನೀವು ಕುಂದರ್ರಿ, ನಾವು ನಡದ ಹೋಗ್ತೀವಿ' ಅಂತ. ನಡಕೊಂಡ ಹೊಂಟ್ರು ನೋಡ್ರಿ, ಒಬ್ಬಾಕಿನ್ನ ಬಿಟ್ಟು ಎಲ್ಲಾರೂ. ಎರಡು ಮೈಲು ನಡದ ಮ್ಯಾಲ ಈ ಗಾಡಿ ಸಿಕ್ವು."

ಆ ಹುಡುಗಿ ಆದೆಮ್ಮ. ಹಿಂದೆ ಕನಕಪ್ಪ ಬಡಿಗೆಯನ್ನು ಊರುತ್ತ ಇಳಿದು, "ನಮ್ಮ ಕುರಿನೂ ಇಷ್ಟು ಹಠ ಮಾಡಂಗಿಲ್ರಿ" ಎಂದು ಗೊಣಗಿದನು. ಆದರೆ ಮುಖದ ತುಂಬ ಬೆಳಕಿತ್ತು.

ಲಾಲ್ ಸಾಬ್ ಹೆಸರು ಕೂಗಿದನು. ದೇವದುರ್ಗದ ಇಪ್ಪತ್ತೆರಡರಲ್ಲಿ ಇಪ್ಪತ್ತು ಮಂದಿ "ಹಾಂ" ಎಂದರು. ಒಬ್ಬಳಿಗೆ ಜ್ವರ, ಒಬ್ಬಳನ್ನು ತಂದೆ ಕೆಟ್ಟ ಬಸ್ಸಿನಿಂದಲೇ ಹಿಂದಕ್ಕೆ ಕರೆದೊಯ್ದಿದ್ದನು. ಆ ಎರಡು ಊರುಗಳಿಗೂ ಇನ್ನೊಬ್ಬಳು ಬಂದೇ ಇದ್ದಳು. ಹನ್ನೊಂದು ಊರುಗಳಲ್ಲಿ ಒಂದೂ ಖಾಲಿ ಬೀಳಲಿಲ್ಲ. ಸುಲೋಚನಾಬಾಯಿ ಧೂಳಿನ ಮುಖಗಳನ್ನು ಮೊದಲು ನೀರಿನ ಕಡೆಗೆ ಕಳಿಸಿ, ತಾವೂ ಎದ್ದು ಹೋಗಿ ಕೊಡ ಬಗ್ಗಿಸಿ ನೀರು ಹಾಕಿದರು. ಆರೂ ಕಾಲಿಗೆ ಕೊನೆಯ ಹೆಸರು ಮುಗಿಯಿತು. ಹದಿನೈದು ಊರುಗಳ ಹಾಳೆ ತುಂಬಿತು.

ಹನುಮಂತ್ರಾಯರು ಎದ್ದು ನಿಂತು ಜೇಬಿನ ಕಾಗದವನ್ನು ಹೊರತೆಗೆದರು. ಬಾಯಿಯವರ ಎದುರಿಗೇ ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು. "ಏನದು?" ಎಂದು ಅವರು ಕೇಳಿದಾಗ, "ಏನಿಲ್ರಿ, ಹಳೆ ಕರಡು" ಎಂದರು.

ಮಹಾಂತಯ್ಯನವರು ತಲೆಬಾಗಿಸಿ ಒಂದೇ ಒಂದು ಬೇಡಿಕೆ ಇಟ್ಟರು. "ಬಾಯಿ, ನೇಮಕದ ಆರ್ಡರ್ ಟಪಾಲಿಗೆ ಹಾಕೂದು ಬ್ಯಾಡ. ಇವತ್ತ, ಈಗ, ಕೈಗೆ ಕೊಟ್ಟು ಓದಿ ಹೇಳಿ ಕಳಸೂಣು."

"ಟೈಪ್ ಮಾಡಾಕ ಎಷ್ಟು ಹೊತ್ತು ಬೇಕು?"

"ನಿನ್ನೆ ಸಂಜಿಕೇ ಮಾಡಿಟ್ಟೀನ್ರಿ. ಹೆಸರೊಂದ ಬರಿಯೂದದ."

ಸುಲೋಚನಾಬಾಯಿ ಆ ಹೊತ್ತಿನವರೆಗೆ ಬಿಗಿಹಿಡಿದಿದ್ದ ನಗೆಯನ್ನು ಬಿಟ್ಟುಕೊಟ್ಟರು. ಹದಿನೈದು ಹೆಸರು ತುಂಬಿ ಹದಿನೈದು ಸಹಿ ಹಾಕಿದರು. ಆಯ್ಕೆಯಾಗದವರನ್ನು ಮಹಾಂತಯ್ಯನವರು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು, ಮುಂದಿನ ಸಲ ನಿಮ್ಮ ಹೆಸರು ಮೊದಲು ಇರುತ್ತದೆಂದು ಹೇಳಿದರು, ಹೇಳಿದ್ದನ್ನು ವಹಿಯಲ್ಲಿ ಬರೆದುಕೊಂಡರು. ಕನಕಪ್ಪ ಮಗಳ ಕಾಗದವನ್ನು ಓದಲು ಬಾರದಿದ್ದರೂ ತಲೆಕೆಳಗಾಗಿ ಹಿಡಿದು ಎರಡು ಬಾರಿ ನೋಡಿದನು.

ಮುಂದೆ ೧೯೮೬ರಲ್ಲಿ ನಿವೃತ್ತರಾಗುವವರೆಗೆ ಮಹಾಂತಯ್ಯನವರು ಕರೆದ ಸಂದರ್ಶನಗಳಲ್ಲಿ ಕುರ್ಚಿಗಳು ಖಾಲಿ ಉಳಿದದ್ದು ಅಪರೂಪ. ಎರಡನೆಯ ಸುತ್ತಿನಿಂದ ಬೇರೆ ಜಿಲ್ಲೆಗಳವರೂ ಬಂದು ಕಾರ್ಡಿನ ಕರಡನ್ನು ಬರೆದುಕೊಂಡು ಹೋದರು. ಬಂದವರಿಗೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ನಿಮ್ಮ ಊರಿಗೆ ಬಸ್ ಎಷ್ಟಕ್ಕ ಬರ್ತದ?"

ಆ ೧೯೭೯ರ ಯುಗಾದಿಗೆ ಒಂಬತ್ತು ದಿನ ಮುಂಚೆ ಮಸರಕಲ್ಲಿನ ಪಡಸಾಲೆಯಲ್ಲಿ ಬಾಲವಾಡಿ ತೆರೆಯಿತು. ಮಹಾಂತಯ್ಯನವರು ಬೆಳಗಿನ ಬಸ್ಸಿಗೆ ಹೋದಾಗ ಆದೆಮ್ಮ ಇಪ್ಪತ್ತೊಂದು ಕೂಸುಗಳ ನಡುವೆ ಕುಳಿತು ಹಾಜರಿ ಕರೆಯುತ್ತಿದ್ದಳು. ಪ್ರತಿ ಹೆಸರಿಗೂ ಒಂದು ಎಳೆಯ ಧ್ವನಿ "ಅದೀನಿ" ಎನ್ನುತ್ತಿತ್ತು.